ಮನೆಯಲ್ಲಿ ಸೇರುವ ಮೀಟಿಂಗ್ ಆಫೀಸಿನಲ್ಲೇಕೆ ಸೇರದು?

ಲಾಗಿನ್ ಆಗುತ್ತದೆ, ಕ್ಯಾಲೆಂಡರ್ ತೆರೆಯುತ್ತದೆ, ಚಾಟ್ ಸಂದೇಶಗಳು ಒಂದರ ಹಿಂದೊಂದು ಬರುತ್ತವೆ. ಆದರೆ ಮೀಟಿಂಗಿಗೆ ಸೇರಲು ಬಟನ್ ಒತ್ತಿದರೆ ಪರದೆ ಅಲ್ಲೇ ನಿಂತುಬಿಡುತ್ತದೆ. ಕೊನೆಗೆ ‘ಸಂಪರ್ಕ ಸಾಧ್ಯವಾಗಲಿಲ್ಲ’ ಎಂಬ ಸೂಚನೆ. ಅದೇ ಲ್ಯಾಪ್‌ಟಾಪನ್ನು ಸಂಜೆ ಮನೆಯ ವೈಫೈಗೆ ಜೋಡಿಸಿದರೆ ಧ್ವನಿ, ವಿಡಿಯೊ ಎರಡೂ ಸರಾಗ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಆ್ಯಪನ್ನು ತೆಗೆದು ಮತ್ತೆ ಹಾಕುತ್ತಾರೆ. ಅದರಿಂದ ಪ್ರಯೋಜನವಾಗುವುದು ಅಪರೂಪ, ಏಕೆಂದರೆ ಚಾಟ್ ಬರುತ್ತಿದೆ ಆದರೆ ಕರೆ ಸೇರುತ್ತಿಲ್ಲ ಎಂಬ ಸಂಗತಿಯೇ ತೊಂದರೆ ಬೇರೆಲ್ಲೋ ಇದೆಯೆಂದು ಹೇಳುತ್ತಿರುತ್ತದೆ.

ಮೀಟಿಂಗ್ ಆ್ಯಪ್ ಒಂದೇ ದಾರಿಯಲ್ಲಿ ಓಡಾಡುವುದಿಲ್ಲ. ಲಾಗಿನ್, ಚಾಟ್, ಕ್ಯಾಲೆಂಡರ್ ಎಲ್ಲವೂ ಮಾಮೂಲಿ ವೆಬ್‌ಸೈಟಿನಂತೆ ಟಿಸಿಪಿ 443ನೇ ಪೋರ್ಟಿನಲ್ಲಿ ಹೋಗುತ್ತವೆ. ಧ್ವನಿ ಮತ್ತು ವಿಡಿಯೊ ಮಾತ್ರ ಸಾಧ್ಯವಾದಷ್ಟೂ ಯುಡಿಪಿಯನ್ನು ಹಿಡಿಯುತ್ತವೆ. ಟಿಸಿಪಿಯಲ್ಲಿ ಕಳೆದುಹೋದ ತುಣುಕನ್ನು ಮತ್ತೆ ಕಳಿಸಿ, ಅದು ತಲಪುವವರೆಗೆ ಹಿಂದಿನವು ಕಾಯಬೇಕು. ಮಾತಿನ ನಡುವೆ ಹಾಗೆ ಕಾದರೆ ಧ್ವನಿ ತಡವರಿಸುತ್ತದೆ. ಯುಡಿಪಿ ಕಾಯುವುದಿಲ್ಲ, ಒಂದು ತುಣುಕು ಹೋದರೆ ಹೋಯಿತು, ಮಾತು ಮುಂದುವರಿಯುತ್ತದೆ. ಮೈಕ್ರೋಸಾಫ್ಟ್ ಟೀಮ್ಸ್ ಇದಕ್ಕೆ ಯುಡಿಪಿ 3478ರಿಂದ 3481ರವರೆಗಿನ ಪೋರ್ಟುಗಳನ್ನು ಬಳಸುತ್ತದೆ. ಜೂಮ್ ಬಳಸುವ ಪೋರ್ಟುಗಳಲ್ಲಿ 3478, 3479ರ ಜೊತೆಗೆ 8801ರಿಂದ 8810ರವರೆಗಿನವು ಸೇರಿವೆ. ಮನೆಯ ರೌಟರ್ ಹೊರಗೆ ಹೋಗುವ ಇದೆಲ್ಲವನ್ನೂ ತಡೆಯದೆ ಬಿಡುತ್ತದೆ. ಆಫೀಸಿನ ಫೈರ್‌ವಾಲ್ ಹಾಗಲ್ಲ. ‘ಟಿಸಿಪಿ 80, 443 ಬಿಡು, ಉಳಿದದ್ದೆಲ್ಲ ತಡೆ’ ಎಂಬ ಹಳೆಯ ನಿಯಮ ಇಂದಿಗೂ ಎಷ್ಟೋ ಕಚೇರಿಗಳಲ್ಲಿದೆ.

ಇದರ ಮೇಲೆ ಪ್ರಾಕ್ಸಿ ಎಂಬ ಇನ್ನೊಂದು ಹಂತ. ಸರ್ಕಾರಿ ಕಚೇರಿಯಲ್ಲಿ ಯಾವ ಪತ್ರವಾದರೂ ಟಪಾಲು ವಿಭಾಗದ ಮೂಲಕವೇ ಹೊರಗೆ ಹೋಗಬೇಕಲ್ಲ, ಪ್ರಾಕ್ಸಿಯೂ ಹಾಗೆಯೇ: ಸಿಬ್ಬಂದಿಯ ಪರವಾಗಿ ತಾನೇ ವೆಬ್‌ಸೈಟಿಗೆ ಹೋಗಿ ಉತ್ತರ ತಂದುಕೊಡುತ್ತದೆ. ಆದರೆ ಅದು ಬಲ್ಲದ್ದು ವೆಬ್ಬಿನ ವ್ಯವಹಾರವನ್ನು ಮಾತ್ರ. ಸಾಮಾನ್ಯ ವೆಬ್ ಪ್ರಾಕ್ಸಿಯ ಮೂಲಕ ಟೀಮ್ಸಿನ ಯುಡಿಪಿ ಧ್ವನಿ ಹಾಯುವುದಿಲ್ಲ. ಹಾಗಾಗಿ ಧ್ವನಿ ಪ್ರಾಕ್ಸಿಯನ್ನು ಬಿಟ್ಟು ನೇರವಾಗಿ ಫೈರ್‌ವಾಲಿಗೆ ಬರುತ್ತದೆ; ಅಲ್ಲಿ ಅನುಮತಿಯ ನಿಯಮವಿಲ್ಲದಿದ್ದರೆ ಸದ್ದಿಲ್ಲದೆ ಬಿದ್ದುಹೋಗುತ್ತದೆ.

ಒಂದು ಮಾದರಿ ಪ್ರಕರಣವನ್ನು ಹಿಡಿದು ನೋಡೋಣ. ಕೆಲವು ಡಜನ್ ಜನರಿರುವ ಒಂದು ಲೆಕ್ಕಪರಿಶೋಧನಾ ಕಚೇರಿ. ಎಲ್ಲರದೂ ವಿಂಡೋಸ್ ಲ್ಯಾಪ್‌ಟಾಪ್, ಬಳಸುವುದು ಟೀಮ್ಸ್. ಆಂತರಿಕ ಜಾಲದ ವಿಳಾಸಗಳು 192.168.10.0/24 ವ್ಯಾಪ್ತಿಯವು. ವೆಬ್‌ಗೆ ಪ್ರಾಕ್ಸಿಯ ಮೂಲಕವೇ ಹೋಗಬೇಕು. ಹೊರಗಿನವರ ಜೊತೆಗಿನ ಒಂದು ಮೀಟಿಂಗೂ ಸೇರುತ್ತಿಲ್ಲ. ಆದರೆ ಪಕ್ಕದ ಕೋಣೆಯ ಸಹೋದ್ಯೋಗಿಗೆ ಟೀಮ್ಸಿನಲ್ಲೇ ಕರೆ ಮಾಡಿದರೆ ಮಾತು ಕೇಳಿಸುತ್ತದೆ! ಗೊಂದಲ ಹುಟ್ಟಿಸುವ ಈ ವಿಷಯವೇ ಒಳ್ಳೆಯ ಸುಳಿವು. ಇಬ್ಬರೇ ಇರುವ ಕರೆಯಲ್ಲಿ ಟೀಮ್ಸ್ ಎರಡು ಕಂಪ್ಯೂಟರುಗಳನ್ನು ನೇರವಾಗಿ ಜೋಡಿಸಲು ನೋಡುತ್ತದೆ. ಇಬ್ಬರೂ ಒಂದೇ ಜಾಲದಲ್ಲಿದ್ದರೆ ಧ್ವನಿ ಕಚೇರಿಯ ಹೊಸ್ತಿಲನ್ನೇ ದಾಟುವುದಿಲ್ಲ. ಮೀಟಿಂಗ್ ಎಂದರೆ ಮೈಕ್ರೋಸಾಫ್ಟಿನ ಸರ್ವರಿನವರೆಗೆ ಹೋಗಲೇಬೇಕು. ಮೈಕು, ಸ್ಪೀಕರು, ಆ್ಯಪ್ ಮೂರೂ ಸರಿಯಿವೆ, ಕಟ್ಟಿರುವುದು ಹೊರಗಿನ ದಾರಿ ಎಂದು ಇದರಿಂದ ತಿಳಿಯುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಮೊಬೈಲ್ ಹಾಟ್‌ಸ್ಪಾಟ್ ಸಾಕು. ಕಚೇರಿಯಲ್ಲೇ ಕುಳಿತು, ಅದೇ ಲ್ಯಾಪ್‌ಟಾಪನ್ನು ಹಾಟ್‌ಸ್ಪಾಟಿಗೆ ಜೋಡಿಸಿ ಅದೇ ಮೀಟಿಂಗಿಗೆ ಸೇರಬೇಕು. ಕಂಪನಿ ಇದಕ್ಕೆ ಅವಕಾಶ ಕೊಟ್ಟಿರಬೇಕು, ವಿಪಿಎನ್ ಆಫ್ ಆಗಿರಬೇಕು. ಎಲ್ಲ ಸಂಚಾರವನ್ನೂ ಕಚೇರಿಗೇ ಎಳೆದೊಯ್ಯುವ ವಿಪಿಎನ್ ಚಾಲೂ ಇದ್ದರೆ ಹಾಟ್‌ಸ್ಪಾಟಿನಲ್ಲೂ ಕಚೇರಿಯ ನಿಯಮಗಳೇ ನಡೆಯುತ್ತವೆ, ಪರೀಕ್ಷೆ ಸುಳ್ಳಾಗುತ್ತದೆ. ಇನ್ನೊಂದು ಎಚ್ಚರಿಕೆ: ಕಂಪನಿಯ ಡೊಮೈನ್ ಕಂಡಾಗ ವಿಂಡೋಸ್ ತನ್ನ ಸ್ವಂತ ಫೈರ್‌ವಾಲಿನ ‘ಡೊಮೈನ್’ ಪ್ರೊಫೈಲಿಗೆ ಬದಲಾಗುತ್ತದೆ. ಮನೆಯಲ್ಲಿ ನಡೆಯುವುದು ಬೇರೆ ಪ್ರೊಫೈಲ್. ಆದ್ದರಿಂದ ತಡೆ ಕಚೇರಿಯ ಪೆಟ್ಟಿಗೆಯಲ್ಲಿರದೆ ಲ್ಯಾಪ್‌ಟಾಪಿನಲ್ಲೇ ಇರುವ ಸಾಧ್ಯತೆಯೂ ಉಂಟು.

ಮುಂದಿನದು ಪ್ರಾಕ್ಸಿಯ ವಿಚಾರಣೆ. ವಿಂಡೋಸಿನಲ್ಲಿ ಪ್ರಾಕ್ಸಿ ಎರಡು ಕಡೆ ಕುಳಿತಿರುತ್ತದೆ. ಬ್ರೌಸರು ನೋಡುವುದು ಸೆಟ್ಟಿಂಗ್ಸಿನಲ್ಲಿರುವ ಪ್ರಾಕ್ಸಿಯನ್ನು. ಹಿನ್ನೆಲೆಯ ಕೆಲವು ಸೇವೆಗಳು ನೋಡುವುದು ಬೇರೊಂದನ್ನು. ಆ ಎರಡನೆಯದನ್ನು ಕಾಣಲು ಈ ಆಜ್ಞೆ:

```
netsh winhttp show proxy
```

ಎರಡೂ ಕಡೆ ಒಂದೇ ಮಾಹಿತಿ ಇಲ್ಲದಿದ್ದರೆ ಬ್ರೌಸರಿನಲ್ಲಿ ಆಗುವ ಕೆಲಸ ಆ್ಯಪಿನಲ್ಲಿ ಆಗದೇ ಇರಬಹುದು. ಇದಾದ ಮೇಲೆ ಹೆಚ್ಚಿನವರು ಪವರ್‌ಶೆಲ್‌ನಲ್ಲಿ ಈ ಪರೀಕ್ಷೆ ನಡೆಸುತ್ತಾರೆ:

```
Test-NetConnection teams.microsoft.com -Port 443
```

ಉತ್ತರವನ್ನು ಓದುವಲ್ಲೇ ಎಡವುವುದು. ಈ ಆಜ್ಞೆ ಪ್ರಾಕ್ಸಿಯನ್ನು ಕೇಳದೆ ನೇರವಾಗಿ ಹೊರಡುತ್ತದೆ. ಪ್ರಾಕ್ಸಿ ಕಡ್ಡಾಯವಿರುವ ನಮ್ಮ ಮಾದರಿ ಕಚೇರಿಯಲ್ಲಿ `TcpTestSucceeded : False` ಎಂದೇ ಬರುತ್ತದೆ; ಬ್ರೌಸರಿನಲ್ಲಿ ಟೀಮ್ಸ್ ಚೆನ್ನಾಗಿ ತೆರೆಯುತ್ತಿದ್ದರೂ ಸರಿಯೇ. ಅದು `True` ಬಂದ ಕಚೇರಿಯಲ್ಲೂ ಗೆದ್ದೆವೆಂದು ತಿಳಿಯಬಾರದು, ಏಕೆಂದರೆ ಈ ಆಜ್ಞೆಗೆ ಯುಡಿಪಿ ಪೋರ್ಟನ್ನು ಪರೀಕ್ಷಿಸಲು ಬರುವುದಿಲ್ಲ. ಪ್ರಾಕ್ಸಿಯ ದಾರಿಯನ್ನು ನೋಡಲು ಬೇರೆ ಆಜ್ಞೆ ಬೇಕು. ಇಲ್ಲಿ `proxy.office.local:8080` ಇರುವಲ್ಲಿ ತಮ್ಮ ಕಚೇರಿಯ ಪ್ರಾಕ್ಸಿ ವಿಳಾಸವನ್ನು ಹಾಕಿಕೊಳ್ಳಬೇಕು:

```
curl.exe -v -x http://proxy.office.local:8080 https://teams.microsoft.com
```

ಉತ್ತರದಲ್ಲಿ 407 ಎಂದಿದ್ದರೆ ಪ್ರಾಕ್ಸಿ ಹೆಸರು-ಪಾಸ್‌ವರ್ಡ್ ಕೇಳುತ್ತಿದೆ. 403 ಎಂದಿದ್ದರೆ ಆ ವಿಳಾಸಕ್ಕೆ ಪ್ರಾಕ್ಸಿಯ ನಿಯಮವೇ ಅಡ್ಡ ಬಂದಿರುವ ಸಾಧ್ಯತೆ ಹೆಚ್ಚು. ಎರಡೂ ಇಲ್ಲದೆ ಪುಟದ ಉತ್ತರ ಬಂದರೆ ವೆಬ್ ದಾರಿ ತೆರೆದಿದೆ ಎಂದಷ್ಟೇ ಅರ್ಥ. ನಮ್ಮ ಕಚೇರಿಯಲ್ಲಿ ಹೀಗೇ ಆಯಿತೆಂದುಕೊಳ್ಳಿ.

ಇನ್ನು ಉಳಿದದ್ದು ಯುಡಿಪಿ. ಇದಕ್ಕಾಗಿ ಮೈಕ್ರೋಸಾಫ್ಟ್ ‘ಟೀಮ್ಸ್ ನೆಟ್‌ವರ್ಕ್ ಅಸೆಸ್‌ಮೆಂಟ್ ಟೂಲ್’ ಎಂಬ ಉಚಿತ ಉಪಕರಣವನ್ನು ಕೊಡುತ್ತದೆ. ಅದನ್ನು ಓಡಿಸಿದರೆ ಮಾಧ್ಯಮ ಸರ್ವರುಗಳನ್ನು ಮುಟ್ಟಿ ನೋಡಿ, ಯಾವ ಪ್ರೊಟೊಕಾಲ್, ಯಾವ ಪೋರ್ಟಿನಲ್ಲಿ ತಲಪಿತು, ಎಲ್ಲಿ ತಲಪಲಿಲ್ಲ ಎಂದು ಹೇಳುತ್ತದೆ. ನಮ್ಮ ಮಾದರಿ ಕಚೇರಿಯಲ್ಲಿ ಯುಡಿಪಿ 3478 ತಲಪಲಿಲ್ಲ. ಕಾರಣ ಸಿಕ್ಕಿತು ಎನ್ನಿಸಬಹುದು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ: ಯುಡಿಪಿ ಸಿಗದಿದ್ದರೆ ಟೀಮ್ಸ್ ಧ್ವನಿಯನ್ನು ಟಿಸಿಪಿ 443ರಲ್ಲಾದರೂ ಕಳಿಸಲು ಯತ್ನಿಸುತ್ತದೆ. ಗುಣಮಟ್ಟ ಕುಗ್ಗಿದರೂ ಮೀಟಿಂಗ್ ಸೇರಬೇಕಿತ್ತು. ಪೂರ್ತಿ ಸೇರುತ್ತಲೇ ಇಲ್ಲವೆಂದರೆ ಎರಡನೆಯ ದಾರಿಯೂ ಮುಚ್ಚಿದೆ.

ಅದನ್ನು ಮುಚ್ಚಿದವರು ಯಾರೆಂದು ತಿಳಿಯಲು ಬ್ರೌಸರಿನಲ್ಲಿ ಟೀಮ್ಸ್ ಪುಟವನ್ನು ತೆರೆದು ಪ್ರಮಾಣಪತ್ರವನ್ನು ಯಾರು ಕೊಟ್ಟಿದ್ದಾರೆಂದು ನೋಡಬೇಕು. ಅಲ್ಲಿ ಸಾರ್ವಜನಿಕ ಪ್ರಮಾಣಪತ್ರ ಸಂಸ್ಥೆಯ ಹೆಸರಿನ ಬದಲು ಸ್ವಂತ ಕಂಪನಿಯದೋ ಫೈರ್‌ವಾಲ್ ತಯಾರಕರದೋ ಹೆಸರಿದ್ದರೆ, ಗೂಢಲಿಪಿಯ ಸಂಚಾರವನ್ನು ನಡುವೆ ಬಿಚ್ಚಿ, ಪರೀಕ್ಷಿಸಿ, ಮತ್ತೆ ಕಟ್ಟಿ ಕಳಿಸುವ ವ್ಯವಸ್ಥೆ ಇದೆಯೆಂದಾಯಿತು. ವೈರಸ್ ತಡೆಯಲು ಕಂಪನಿಗಳು ಹೀಗೆ ಮಾಡುವುದು ತಪ್ಪಲ್ಲ. ಆದರೆ 443ರಲ್ಲಿ ಧ್ವನಿ ಹೊತ್ತು ಬರುವ ಸಂಪರ್ಕದ ಒಳಗಿರುವುದು ವೆಬ್‌ಪುಟವಲ್ಲ. ಬಿಚ್ಚಿ ನೋಡುವ ಯಂತ್ರಕ್ಕೆ ಅದು ಅರ್ಥವಾಗದೆ ಕಡಿದುಹಾಕುತ್ತದೆ. ಚಾಟ್ ಮಾತ್ರ ಅದೇ ಯಂತ್ರವನ್ನು ದಾಟಿ ಸುಖವಾಗಿ ಬರುತ್ತಿರುತ್ತದೆ. ಟೀಮ್ಸ್ ಸಂಚಾರವನ್ನು ಈ ತಪಾಸಣೆಯಿಂದ ಹೊರಗಿಡಿ, ಪ್ರಾಕ್ಸಿಯನ್ನೂ ತಪ್ಪಿಸಿ ನೇರ ಬಿಡಿ ಎಂದು ಮೈಕ್ರೋಸಾಫ್ಟೇ ಸಲಹೆ ಮಾಡುತ್ತದೆ.

ನಿಯಮ ಬದಲಿಸುವ ಮುನ್ನ ಫೈರ್‌ವಾಲಿನ ಲಾಗ್ ನೋಡಲೇಬೇಕು. ಊಹೆಗೂ ಸಾಕ್ಷ್ಯಕ್ಕೂ ವ್ಯತ್ಯಾಸ ಮಾಡುವುದು ಅದೇ. ಒಬ್ಬರು ಮೀಟಿಂಗಿಗೆ ಸೇರಲು ಯತ್ನಿಸುತ್ತಿರುವಾಗ, ಐಟಿ ಸಿಬ್ಬಂದಿ ಆ ಲ್ಯಾಪ್‌ಟಾಪಿನ ವಿಳಾಸದಿಂದ, ಉದಾಹರಣೆಗೆ 192.168.10.45ರಿಂದ ಹೊರಟದ್ದನ್ನು ಮಾತ್ರ ಸೋಸಿ ನೋಡಬೇಕು. 52.112ರಿಂದ 52.115ರವರೆಗೆ ಶುರುವಾಗುವ ಯಾವುದಾದರೂ ವಿಳಾಸದ ಯುಡಿಪಿ 3478ಕ್ಕೆ ಹೊರಟ ಸಂಚಾರ ‘ಡಿನೈ’ ಆಗಿದ್ದರೆ, ಅದನ್ನು ತಡೆದ ನಿಯಮ ಯಾವುದೆಂಬುದೂ ಸಾಮಾನ್ಯವಾಗಿ ಅಲ್ಲೇ ಬರೆದಿರುತ್ತದೆ. ಪೋರ್ಟ್ ತೆರೆದಿದ್ದೇವೆ ಎಂದು ಐಟಿಯವರು ಹೇಳಿದ ಮೇಲೂ ಕರೆ ಸೇರದಿದ್ದರೆ ಎರಡು ಅನುಮಾನ. ಹೆಚ್ಚಿನ ಫೈರ್‌ವಾಲುಗಳು ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದಿ, ಮೊದಲು ಹೊಂದಿದ್ದನ್ನೇ ಜಾರಿ ಮಾಡುತ್ತವೆ. ಹೊಸ ಅನುಮತಿ ಹಳೆಯ ತಡೆಯ ಕೆಳಗೆ ಕುಳಿತಿದ್ದರೆ ಅದರ ಸರದಿಯೇ ಬರುವುದಿಲ್ಲ. ಇಲ್ಲವೇ ಪೋರ್ಟಿನ ಜೊತೆಗೆ ಆ್ಯಪಿನ ಗುರುತನ್ನೂ ಹಿಡಿಯುವ ಹೊಸ ಬಗೆಯ ಫೈರ್‌ವಾಲು, ಪೋರ್ಟ್ ಬಿಟ್ಟರೂ ವಿಡಿಯೊ ಕರೆಯ ವರ್ಗವನ್ನೇ ತಡೆಯುತ್ತಿರುತ್ತದೆ.

ನಮ್ಮ ಕಚೇರಿಗೆ ಬೇಕಾದ ನಿಯಮ ಚಿಕ್ಕದು. ಎಲ್ಲಿಂದ: 192.168.10.0/24. ಎಲ್ಲಿಗೆ: 52.112.0.0/14 ಮತ್ತು 52.122.0.0/15. ಯಾವುದಕ್ಕೆ: ಯುಡಿಪಿ 3478ರಿಂದ 3481. ದಿಕ್ಕು ಒಳಗಿನಿಂದ ಹೊರಗೆ ಮಾತ್ರ. ಹೊರಗಿನಿಂದ ಒಳಗೆ ಬರಲು ಪೋರ್ಟ್ ತೆರೆಯುವ ಅಗತ್ಯವಿಲ್ಲ: ಹೊರಟ ಸಂಪರ್ಕವನ್ನು ಫೈರ್‌ವಾಲ್ ನೆನಪಿಟ್ಟುಕೊಂಡು ಅದರ ಉತ್ತರವನ್ನು ತಾನೇ ಒಳಬಿಡುತ್ತದೆ. ಗಡಿಬಿಡಿಯಲ್ಲಿ ಒಳದಾರಿ ತೆರೆದಿಟ್ಟರೆ ಮೀಟಿಂಗಿಗೆ ಉಪಯೋಗವಿಲ್ಲ, ಅಪಾಯ ಮಾತ್ರ ಉಳಿಯುತ್ತದೆ.

ಪ್ರಾಕ್ಸಿಯ ಪ್ಯಾಕ್ ಫೈಲಿನಲ್ಲೂ ಒಂದು ವಿನಾಯಿತಿ ಬೇಕು:

```
if (host == "teams.microsoft.com" ||
    shExpMatch(host, "*.teams.microsoft.com"))
  return "DIRECT";
```

ಎರಡು ಸಾಲೂ ಬೇಕು. ನಕ್ಷತ್ರದ ನಂತರ ಚುಕ್ಕೆ ಇರುವುದರಿಂದ ಎರಡನೆಯದು ಮುಖ್ಯ ವಿಳಾಸಕ್ಕೆ ಹೊಂದುವುದಿಲ್ಲ. ಇನ್ನೊಂದು ಮಾತು: ಇಲ್ಲಿ ‘ನೇರ ಹೋಗು’ ಎಂದು ಬರೆದು ಫೈರ್‌ವಾಲಿನಲ್ಲಿ ಟಿಸಿಪಿ 443ಕ್ಕೆ ನೇರ ಅನುಮತಿ ಕೊಡದಿದ್ದರೆ, ಇಲ್ಲಿಯವರೆಗೆ ನಡೆಯುತ್ತಿದ್ದ ಚಾಟ್ ಕೂಡ ನಿಲ್ಲುತ್ತದೆ. ಪ್ರಾಕ್ಸಿಯನ್ನು ಒಬ್ಬರು, ಫೈರ್‌ವಾಲನ್ನು ಇನ್ನೊಬ್ಬರು ನೋಡಿಕೊಳ್ಳುವ ಕಚೇರಿಗಳಲ್ಲಿ ಇದು ಸುಲಭವಾಗಿ ತಪ್ಪಿಹೋಗುತ್ತದೆ. ಇಬ್ಬರೂ ಒಟ್ಟಿಗೆ ಕೂತು ಬದಲಿಸುವುದೇ ಸರಿ.

ಸಾಮಾನ್ಯ ಸಿಬ್ಬಂದಿಗೆ ಇವುಗಳಲ್ಲಿ ಹೆಚ್ಚಿನವುಗಳ ಮೇಲೆ ಅಧಿಕಾರವಿರುವುದಿಲ್ಲ, ಇರಲೂ ಬಾರದು. ಅವರು ಮಾಡಬಹುದಾದದ್ದು ಒಳ್ಳೆಯ ದೂರು ಬರೆಯುವುದು. ‘ಟೀಮ್ಸ್ ಕೆಲಸ ಮಾಡುತ್ತಿಲ್ಲ ಸರ್’ ಎಂಬ ದೂರು ಎಲ್ಲಿಗೂ ಮುಟ್ಟುವುದಿಲ್ಲ. ‘ಬೆಳಿಗ್ಗೆ 10.20ಕ್ಕೆ 192.168.10.45ರಿಂದ ಮೀಟಿಂಗ್ ಸೇರಲಿಲ್ಲ, ಚಾಟ್ ಬರುತ್ತಿತ್ತು, ಹಾಟ್‌ಸ್ಪಾಟಿನಲ್ಲಿ ಸೇರಿತು, ಯುಡಿಪಿ 3478 ತಲಪುತ್ತಿಲ್ಲ’ ಎಂದು ಬರೆದರೆ ಐಟಿಯವರು ಲಾಗಿನಲ್ಲಿ ನೇರ ಆ ಸಾಲಿಗೇ ಹೋಗಬಹುದು.

ಐಟಿಯವರಿಗೂ ಒಂದು ವಿನಂತಿ. ಪರೀಕ್ಷೆಗೆಂದು ‘ಎಲ್ಲರಿಗೂ ಎಲ್ಲವೂ ಬಿಡು’ ಎಂಬ ನಿಯಮ ಹಾಕಿದ್ದರೆ ಅಂದೇ ತೆಗೆಯಿರಿ. ಮೇಲೆ ಕೊಟ್ಟ ವಿಳಾಸಗಳೂ ಶಾಶ್ವತವಲ್ಲ. ಮೈಕ್ರೋಸಾಫ್ಟ್ ಈ ಪಟ್ಟಿಯನ್ನು ಸಾಮಾನ್ಯವಾಗಿ ತಿಂಗಳ ಆರಂಭದಲ್ಲಿ ಪರಿಷ್ಕರಿಸುತ್ತದೆ. ಹೊಸ ವಿಳಾಸಗಳನ್ನು ಬಳಕೆಗೆ ತರುವ 30 ದಿನ ಮುಂಚೆ ಪ್ರಕಟಿಸುತ್ತದೆ. ಫೈರ್‌ವಾಲಿನ ಪಟ್ಟಿಯನ್ನು ಅದರೊಂದಿಗೆ ತಿಂಗಳಿಗೊಮ್ಮೆ ಹೋಲಿಸಿ ನೋಡಿ.