ವೈದ್ಯರ ಚೀಟಿಯಿಂದ ಊಟದ ತಟ್ಟೆಗೆ



ಸಕ್ಕರೆ ಕಾಯಿಲೆಯವರಿಗೆ ವೈದ್ಯರು ಬರೆದುಕೊಟ್ಟ ಆಹಾರದ ಚೀಟಿ ನಮ್ಮ ಎಷ್ಟೋ ಮನೆಗಳಲ್ಲಿ ಮಾತ್ರೆಯ ಡಬ್ಬಿಯೊಳಗೆ ಮಡಿಸಿಟ್ಟ ಹಾಗೆಯೇ ಇರುತ್ತದೆ. ಅಂಥ ಒಂದು ಚೀಟಿಯನ್ನು ಐದು ನಿಮಿಷದ ವಿಡಿಯೊ ಮಾಡಿ, ಭಾನುವಾರದ ಪೂಜೆಯ ನಂತರ ಸಭಾಂಗಣದಲ್ಲಿ ತೋರಿಸಬೇಕೆಂದು ನಮ್ಮ ಧರ್ಮಕೇಂದ್ರದ ಆರೋಗ್ಯ ಸಮಿತಿಯವರಾದ ನಾವು ಹೊರಟೆವು. ಇದಕ್ಕೆ ಕಾರಣ ನಮ್ಮೊಳಗಿನ ಒಬ್ಬ ಅಜ್ಜಿ. ಅವರ ಚೀಟಿಯಲ್ಲಿದ್ದದ್ದು ಐದೇ ಸಾಲು: ಮಧ್ಯಾಹ್ನದ ಊಟಕ್ಕೆ ಕಾರ್ಬೋಹೈಡ್ರೇಟ್ 60 ಗ್ರಾಂ, ಅನ್ನ ಮಿತಿಯಲ್ಲಿ, ರಾಗಿ ಒಳ್ಳೆಯದು, ತರಕಾರಿ ಹೆಚ್ಚಿಸಿ, ಊಟ ತಪ್ಪಿಸಬೇಡಿ.

ಅಜ್ಜಿ ಅನ್ನವನ್ನು ಪೂರ್ತಿ ಬಿಟ್ಟರು. ಬದಲಿಗೆ ಮಧ್ಯಾಹ್ನ ಎರಡು ದೊಡ್ಡ ರಾಗಿ ಮುದ್ದೆ ಉಣ್ಣತೊಡಗಿದರು. ತಿಂಗಳ ನಂತರ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಇಳಿಯುವ ಬದಲು ಏರಿತ್ತು. "ನಾನು ಹೇಳಿದ ಮಾತು ಮೀರಲಿಲ್ಲವಲ್ಲಪ್ಪಾ" ಎಂದು ಅವರು ಕಣ್ಣೀರಿಟ್ಟರು. ಅವರು ಹೇಳಿದ್ದು ನಿಜ. ರಾಗಿ ಒಳ್ಳೆಯದು ಎಂದು ಚೀಟಿಯಲ್ಲಿತ್ತು, ಎಷ್ಟು ರಾಗಿ ಎಂದು ಇರಲಿಲ್ಲ.

ನಾವು ಮೊದಲು ಮಾಡಿದ್ದು, ಚೀಟಿಯ ಪ್ರತಿ ಸಾಲಿನ ಮುಂದೆ ಒಂದು ಪ್ರಶ್ನೆ ಬರೆದು ವೈದ್ಯರ ಬಳಿಗೆ ಹೋದದ್ದು. 60 ಗ್ರಾಂ ಎಂದರೆ ಅನ್ನದ ತೂಕವೇ? ಅಕ್ಕಿಯ ತೂಕವೇ? ಎರಡೂ ಅಲ್ಲ ಎಂದರು ಅವರು. ಊಟದ ಎಲ್ಲ ಪದಾರ್ಥಗಳೊಳಗಿನ ಪಿಷ್ಟ ಮತ್ತು ಸಕ್ಕರೆ ಒಟ್ಟು ಸೇರಿ 60 ಗ್ರಾಂ. ಇದರಲ್ಲಿ ಬೇಳೆಸಾರು, ಪಲ್ಯ, ಮೊಸರಿಗೆ 20 ಗ್ರಾಂ ಬಿಟ್ಟು, ಅನ್ನಕ್ಕೋ ಮುದ್ದೆಗೋ ಚಪಾತಿಗೋ 40 ಗ್ರಾಂ ಇಟ್ಟುಕೊಳ್ಳಿ ಎಂದು ಲೆಕ್ಕ ಹಾಕಿಕೊಟ್ಟರು. ಚೀಟಿಯನ್ನು ಬರೆದವರನ್ನೇ ಕೇಳದೆ ನಾವೇ ಅರ್ಥ ಮಾಡಿಕೊಂಡಿದ್ದರೆ 60 ಗ್ರಾಂ ಅನ್ನ ಎಂದು ಬರೆದುಬಿಡುತ್ತಿದ್ದೆವು. ಅಷ್ಟನ್ನೇ ಉಂಡವರು ಹಸಿವಿನಿಂದ ಸೋತುಹೋಗುತ್ತಿದ್ದರು.

ಎರಡನೆಯದಾಗಿ, ಆ 40 ಗ್ರಾಂ ಅನ್ನು ಅಡುಗೆಮನೆಯ ಅಳತೆಗೆ ತಂದೆವು. ಒಂದು ಚಿಕ್ಕ ತಕ್ಕಡಿ ಇಟ್ಟುಕೊಂಡು ನಾವೇ ಅಡುಗೆ ಮಾಡಿ ತೂಗಿದೆವು. 50 ಗ್ರಾಂ ಅಕ್ಕಿಯಲ್ಲಿ ಸುಮಾರು 40 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಅದು ಬೆಂದರೆ ಸುಮಾರು 140 ಗ್ರಾಂ ಅನ್ನವಾಗಿ, 200 ಮಿಲಿಲೀಟರ್ ಹಿಡಿಯುವ ಲೋಟದಲ್ಲಿ ತಲೆಮಟ್ಟಕ್ಕೆ ಬರುತ್ತದೆ. 60 ಗ್ರಾಂ ರಾಗಿ ಹಿಟ್ಟಿನಲ್ಲಿಯೂ ಸುಮಾರು 40 ಗ್ರಾಂ. ಅದು ಟೆನ್ನಿಸ್ ಚೆಂಡಿನ ಗಾತ್ರದ ಒಂದು ಮುದ್ದೆ. 60 ಗ್ರಾಂ ಗೋಧಿ ಹಿಟ್ಟೂ ಹೆಚ್ಚುಕಡಿಮೆ ಅಷ್ಟೇ. ಅದರಿಂದ ತೆಳುವಾದ ಎರಡು ಚಪಾತಿ ಆಗುತ್ತವೆ. ಈ ಮೂರರಲ್ಲಿ ಯಾವುದಾದರೂ ಒಂದು, ಮೂರೂ ಅಲ್ಲ.

ಈಗ ಅಜ್ಜಿಯ ಲೆಕ್ಕ ನೋಡೋಣ. ಅವರ ಒಂದು ಮುದ್ದೆಗೆ 100 ಗ್ರಾಂ ಹಿಟ್ಟು ಹೋಗುತ್ತಿತ್ತು. ಎರಡು ಮುದ್ದೆಗೆ 200 ಗ್ರಾಂ ಹಿಟ್ಟು, ಅಂದರೆ ಸುಮಾರು 130 ಗ್ರಾಂ ಕಾರ್ಬೋಹೈಡ್ರೇಟ್. ವೈದ್ಯರು ಬಿಟ್ಟುಕೊಟ್ಟ ಪಾಲಿನ ಮೂರು ಪಟ್ಟು. ರಾಗಿಯಲ್ಲಿ ನಾರು ಮತ್ತು ಸುಣ್ಣದಂಶ ಅಕ್ಕಿಗಿಂತ ಹೆಚ್ಚು, ಆದುದರಿಂದ ಅದು ಒಳ್ಳೆಯದು. ಆದರೆ ಪಿಷ್ಟ ಅದರಲ್ಲಿಯೂ ತುಂಬ ಇದೆ.

ಮೂರನೆಯದು ಬರವಣಿಗೆ. ಕಾಗದವನ್ನು ನಡುವೆ ಗೆರೆ ಎಳೆದು ಎರಡು ಭಾಗ ಮಾಡಿದೆವು. ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು. ಒಂದು ದೃಶ್ಯಕ್ಕೆ ಒಂದೇ ಮಾತು. ನಿಧಾನವಾಗಿ ಗಟ್ಟಿಯಾಗಿ ಓದಿ ನೋಡಿದಾಗ ನಿಮಿಷಕ್ಕೆ ಸುಮಾರು 80 ಪದ ಆಯಿತು, ಹಾಗಾಗಿ ಐದು ನಿಮಿಷಕ್ಕೆ 400 ಪದ ದಾಟಬಾರದೆಂದು ಕಟ್ಟು ಹಾಕಿಕೊಂಡೆವು. ಮುದ್ದೆಯ ದೃಶ್ಯ ಹೀಗೆ ಬಂತು:

ಕಾಣುವುದು: ಊಟದ ತಟ್ಟೆ, ಪಕ್ಕದಲ್ಲಿ ಟೆನ್ನಿಸ್ ಚೆಂಡು. ಕೈಯೊಂದು ಅದೇ ಗಾತ್ರದ ಮುದ್ದೆಯನ್ನು ತಟ್ಟೆಯ ಕಾಲು ಭಾಗದಲ್ಲಿ ಇಡುತ್ತದೆ. ಅರ್ಧ ತಟ್ಟೆಗೆ ಸೊಪ್ಪಿನ ಪಲ್ಯ ಮತ್ತು ಸೌತೆಕಾಯಿ, ಉಳಿದ ಕಾಲು ಭಾಗಕ್ಕೆ ಬೇಳೆ ಅಥವಾ ಮೀನು.

ಕೇಳುವುದು: "ಅಮ್ಮಾ, ಮುದ್ದೆ ಒಂದೇ. ಈ ಚೆಂಡಿನಷ್ಟು. ಇದರ ಜೊತೆಗೆ ಅನ್ನ ಬೇಡ. ಇನ್ನೂ ಹಸಿವಾದರೆ ಪಲ್ಯ ಇನ್ನೊಂದು ಸೌಟು ಹಾಕಿಕೊಳ್ಳಿ. ಆಲೂಗೆಡ್ಡೆ, ಮರಗೆಣಸು ಪಲ್ಯದ ಲೆಕ್ಕಕ್ಕಲ್ಲ, ಅನ್ನದ ಲೆಕ್ಕಕ್ಕೆ."

ಆ ಚೆಂಡು ಅಲಂಕಾರಕ್ಕೆ ಇಟ್ಟದ್ದಲ್ಲ. ಕ್ಯಾಮೆರಾ ಹತ್ತಿರ ಹೋದರೆ ನಿಂಬೆಹಣ್ಣೂ ತೆಂಗಿನಕಾಯಿಯಂತೆ ಕಾಣುತ್ತದೆ. ಎಲ್ಲರಿಗೂ ಗೊತ್ತಿರುವ ಒಂದು ವಸ್ತು ಪಕ್ಕದಲ್ಲಿದ್ದರೆ ಮಾತ್ರ ನೋಡುವವರಿಗೆ ಅಳತೆ ಸಿಗುತ್ತದೆ.

ಐದನೆಯ ಸಾಲು, ಊಟ ತಪ್ಪಿಸಬೇಡಿ ಎಂಬುದು, ನಮ್ಮಲ್ಲಿ ತಪಸ್ಸುಕಾಲಕ್ಕೆ ತಾಗುತ್ತದೆ. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಂಡು ಉಪವಾಸ ಮಾಡಿದರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ಮಂಕು ಬರಬಹುದು. ಧರ್ಮಸಭೆಯ ಉಪವಾಸದ ಕಟ್ಟಳೆ 18 ರಿಂದ 59 ವರ್ಷದವರಿಗೆ. ಆ ವಯಸ್ಸಿನೊಳಗೂ ರೋಗಿಗಳಿಗೆ ವಿನಾಯಿತಿ ಇದೆ. ಇದನ್ನು ಫಾದರ್ ಅವರೇ ವಿಡಿಯೊದಲ್ಲಿ ಎರಡು ವಾಕ್ಯದಲ್ಲಿ ಹೇಳಿದರು. ಅವರ ಮಾತಾದ ಕೂಡಲೇ ಮುಂದಿನ ದೃಶ್ಯ: ಎಚ್ಚರವಿದ್ದು ನುಂಗಬಲ್ಲವರಿಗೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸುವುದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸುವುದು, ಇನ್ನೂ ಕಡಿಮೆಯಿದ್ದರೆ ಮತ್ತೊಮ್ಮೆ ಕೊಡುವುದು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ.

ವಿಡಿಯೊವನ್ನು ಎಲ್ಲರಿಗೂ ತೋರಿಸುವ ಮುಂಚೆ ಮೂವರು ಹಿರಿಯರಿಗೆ ತೋರಿಸಿದೆವು. "ಅರ್ಥವಾಯಿತಾ?" ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಆದುದರಿಂದ "ನೀವು ಉಣ್ಣುವಷ್ಟು ಬಡಿಸಿ ತೋರಿಸಿ" ಎಂದು ಪಾತ್ರೆ ಮುಂದಿಟ್ಟು, ಬಡಿಸಿದ್ದನ್ನು ತೂಗಿದೆವು. ಒಬ್ಬರು ಲೋಟದಲ್ಲಿ ಅನ್ನ ಅದುಮಿ, ಮೇಲೆ ಗೋಪುರ ಕಟ್ಟಿದ್ದರು; ತೂಕ 240 ಗ್ರಾಂ! ಅವರ ತಪ್ಪಲ್ಲ, "ಒಂದು ಲೋಟ ಅನ್ನ" ಎಂದಷ್ಟೇ ನಾವು ಬರೆದಿದ್ದೆವು. ಅದನ್ನು "ಅದುಮದೆ, ತಲೆಮಟ್ಟಕ್ಕೆ" ಎಂದು ತಿದ್ದಿ, ಚಮಚದ ಹಿಡಿಯಿಂದ ಲೋಟದ ಬಾಯಿ ಸವರುವ ದೃಶ್ಯ ಸೇರಿಸಿದೆವು. ಮರುಪ್ರಯತ್ನದಲ್ಲಿ ಮೂವರೂ 150 ಗ್ರಾಂನೊಳಗೆ ಬಡಿಸಿದರು.

ಕೊನೆಗೆ ಬರೆದದ್ದನ್ನೆಲ್ಲ ಮತ್ತೆ ವೈದ್ಯರಿಗೆ ಓದಿ ಹೇಳಿದೆವು. ಅವರು ಒಂದು ಮಾತು ಸೇರಿಸಿದರು: ಈ 60 ಗ್ರಾಂ ಎಲ್ಲರಿಗೂ ಅಲ್ಲ. ಹೊಲದಲ್ಲಿ ದುಡಿಯುವವರಿಗೆ, ಗರ್ಭಿಣಿಯರಿಗೆ ಲೆಕ್ಕ ಬೇರೆ. ಮೂತ್ರಪಿಂಡದ ತೊಂದರೆ ಇರುವವರು ಬೇಳೆ, ಮೀನಿನ ಪಾಲನ್ನೂ ತಮ್ಮ ವೈದ್ಯರನ್ನು ಕೇಳಿಯೇ ಇಟ್ಟುಕೊಳ್ಳಬೇಕು. ಅದನ್ನು ಕೊನೆಗೆ ಸಣ್ಣ ಅಕ್ಷರದಲ್ಲಿ ಹಾಕದೆ, ಮೊದಲ ದೃಶ್ಯದಲ್ಲಿಯೇ ಹೇಳಿಸಿದೆವು.

ಅಜ್ಜಿ ಈಗ ತಮ್ಮ ಮೊಮ್ಮಗನ ಟೆನ್ನಿಸ್ ಚೆಂಡನ್ನು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟುಕೊಂಡಿದ್ದಾರೆ. ನಿಮ್ಮ ಮನೆಯ ಚೀಟಿಯನ್ನೂ ಈ ವಾರ ಡಬ್ಬಿಯಿಂದ ತೆಗೆದು ಬಿಡಿಸಿ ನೋಡಿ. ಎಷ್ಟು ಎಂಬುದು ಅದರಲ್ಲಿ ಇಲ್ಲದಿದ್ದರೆ, ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ನೀವು ಅನ್ನ ಬಡಿಸಿಕೊಳ್ಳುವ ಲೋಟವನ್ನು ಜೊತೆಗೆ ಕೊಂಡೊಯ್ಯಿರಿ.