ಸ್ಕಿಪ್ ಒತ್ತಿದವರಿಗೂ ಹೆಸರು ನೆನಪಿದೆಯೇ?

ಯೂಟ್ಯೂಬ್‌ನಲ್ಲಿ ಜಾಹೀರಾತು ಶುರುವಾದರೆ ಎಷ್ಟೋ ಜನರ ಕಣ್ಣು ಮೂಲೆಯ ‘ಸ್ಕಿಪ್’ ಗುಂಡಿಯ ಮೇಲೇ ಇರುತ್ತದೆ. ಐದು ಸೆಕೆಂಡ್ ಕಳೆದೊಡನೆ ಅದನ್ನು ಒತ್ತಿಬಿಟ್ಟರೆ, ಕೊನೆಯಲ್ಲಿ ಬರಬೇಕಿದ್ದ ಲೋಗೋ ಅವರಿಗೆ ಕಾಣುವುದೇ ಇಲ್ಲ. 2015ರಲ್ಲಿ ಅಮೆರಿಕದ ವಿಮಾ ಕಂಪನಿ ಗೈಕೋ ಇದಕ್ಕೊಂದು ದಿಟ್ಟ ಉತ್ತರ ಕೊಟ್ಟಿತು. ಮೊದಲ ಐದು ಸೆಕೆಂಡಿನಲ್ಲೇ ಮಾತೂ ಮುಗಿಯಿತು, ಲೋಗೋವೂ ಬಂತು. ಆಮೇಲೆ ಊಟದ ಮೇಜಿನ ಸುತ್ತ ಕೂತ ಮನೆಯವರು ಅಲುಗಾಡದೆ ನಗುತ್ತಲೇ ಇರುತ್ತಾರೆ, ದೊಡ್ಡ ನಾಯಿಯೊಂದು ಮೇಜು ಹತ್ತಿ ಅವರ ಊಟವನ್ನೆಲ್ಲ ತಿನ್ನುತ್ತದೆ. ಕಾನ್ ಜಾಹೀರಾತು ಉತ್ಸವದಲ್ಲಿ ಈ ಸರಣಿಗೆ ಆ ವರ್ಷ ಅತ್ಯುನ್ನತ ಪ್ರಶಸ್ತಿ ಬಂತು.

ಹಾಗೆಂದು ಲೋಗೋವನ್ನು ಮೊದಲೇ ಒಡ್ಡಿ ನಿಲ್ಲಿಸಿದರೆ ಸಾಲದು. ಟೆಯ್ಶೇರಾ, ವೆಡೆಲ್, ಪೀಟರ್ಸ್ ಎಂಬ ಸಂಶೋಧಕರು ನೋಡುಗರ ಕಣ್ಣಿನ ಚಲನೆಯನ್ನು ದಾಖಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬ್ರ್ಯಾಂಡ್ ಹೆಚ್ಚು ಹೊತ್ತು ಎದ್ದು ಕಂಡಷ್ಟೂ ಜನ ಜಾಹೀರಾತನ್ನು ಬಿಟ್ಟುಹೋಗುತ್ತಾರೆ. ಆಗಾಗ ಚುಟುಕಾಗಿ ಬಂದು ಮರೆಯಾದರೆ ಉಳಿಯುತ್ತಾರೆ. ಪರದೆಯ ಮೂಲೆಗೆ ಅಂಟಿಸಿದ ಗುರುತಿಗಿಂತ ಅಡುಗೆಯವಳು ಕೈಗೆತ್ತಿಕೊಂಡ ಪೊಟ್ಟಣದ ಮೇಲಿನ ಹೆಸರು ಮೇಲು ಎಂದು ನನಗನ್ನಿಸುವುದು ಇದಕ್ಕೇ. ಅಲ್ಲಿ ಅದು ಕಥೆಯ ಭಾಗವಾಗಿಯೇ ಬರುತ್ತದೆ.

ಸರಿಯಾದ ಕ್ಷಣ ಯಾವುದೆಂದು ಪರೀಕ್ಷಿಸಿಯೇ ತಿಳಿಯಬೇಕು. ಸಾರಿನ ಪುಡಿಯ ಚಿತ್ರವೊಂದಿದೆ ಎಂದುಕೊಳ್ಳೋಣ. ಅದನ್ನು ಎರಡು ರೀತಿ ಸಂಕಲಿಸಬೇಕು: ಒಂದರಲ್ಲಿ ಹೆಸರು ಎರಡನೇ ಸೆಕೆಂಡಿಗೆ, ಇನ್ನೊಂದರಲ್ಲಿ ಕೊನೆಗೆ. ಉಳಿದದ್ದೆಲ್ಲ ಒಂದೇ ಆಗಿರಬೇಕು. ಚೀಟಿ ಎತ್ತಿದಂತೆ ಜನರನ್ನು ಹಂಚಿ, ತಲಾ 400 ಮಂದಿಗೆ ಒಂದೊಂದು ರೂಪವನ್ನು ಬೇರೆ ಜಾಹೀರಾತುಗಳ ನಡುವೆ, ಸ್ಕಿಪ್ ಗುಂಡಿಯೊಂದಿಗೇ ತೋರಿಸಬೇಕು. ಮೂರನೆಯ ಗುಂಪಿಗೆ ಈ ಚಿತ್ರವನ್ನು ತೋರಿಸಲೇಬಾರದು. ಮರುದಿನ, ಯಾವ ಹೆಸರನ್ನೂ ಸೂಚಿಸದೆ, ‘ನಿನ್ನೆ ಯಾವ ಸಾರಿನ ಪುಡಿಯ ಜಾಹೀರಾತು ನೋಡಿದಿರಿ?’ ಎಂದು ಎಲ್ಲರನ್ನೂ ಕೇಳಬೇಕು.

ಲೆಕ್ಕ ತಪ್ಪುವುದು ಇಲ್ಲಿಯೇ. ಹೆಸರು ಕೊನೆಗೆ ಬಂದ ರೂಪವನ್ನು 140 ಮಂದಿ ಪೂರ್ತಿ ನೋಡಿದರು, ಮೊದಲೇ ಬಂದದ್ದನ್ನು 100 ಮಂದಿ ಎಂದಿರಲಿ. ಪೂರ್ತಿ ನೋಡಿದವರಲ್ಲಿ ಎರಡೂ ಕಡೆ ನೂರಕ್ಕೆ 60 ಮಂದಿ ಹೆಸರು ಹೇಳಿದರೆ, ಕೊನೆಯ ಲೋಗೋವೇ ಗೆದ್ದಂತೆ ಕಾಣುತ್ತದೆ. ಆದರೆ ಸ್ಕಿಪ್ ಮಾಡಿದವರನ್ನೂ ಕೇಳಿ. ಮೊದಲ ರೂಪ ಬಿಟ್ಟುಹೋದ 300 ಮಂದಿಯಲ್ಲಿ 90 ಜನ, ಎರಡನೆಯದನ್ನು ಬಿಟ್ಟ 260 ಮಂದಿಯಲ್ಲಿ 26 ಜನ ಹೆಸರು ಹೇಳಿದರೆ, ಒಟ್ಟು 150 ಮತ್ತು 110. ಗೆದ್ದದ್ದು ಬೇಗ ಬಂದ ಹೆಸರು. 400ರ ಗುಂಪುಗಳಲ್ಲಿ ಇಷ್ಟು ಅಂತರ ಆಕಸ್ಮಿಕವಾಗಿ ಬರುವುದು ಅಪರೂಪ. ತಲಾ 50 ಮಂದಿಯನ್ನಷ್ಟೇ ಕೇಳಿದ್ದರೆ ಇದೇ ಪ್ರಮಾಣದ ಅಂತರವನ್ನು ನಂಬುವಂತಿರಲಿಲ್ಲ.

ಚಿತ್ರ ನೋಡದ ಮೂರನೇ ಗುಂಪಿನಲ್ಲೂ 40 ಮಂದಿ ಅದೇ ಹೆಸರು ಹೇಳಿದರೆ, ಅದು ಅಂಗಡಿಯಲ್ಲಿ ಕಂಡು ಬಂದ ನೆನಪು. ಎರಡೂ ಮೊತ್ತದಿಂದ ಅದನ್ನು ಕಳೆದಾಗ ಸಿಗುವ 110 ಮತ್ತು 70 ಮಾತ್ರ ಜಾಹೀರಾತಿನ ಗಳಿಕೆ.