ವೇಗ ಹೆಚ್ಚಿದರೂ ದನಿ ಕೀರಲಾಗದು: ಉಪನ್ಯಾಸದ ವಿಡಿಯೊ ಓಡಿಸುವ ಬಗೆ

ಒಂದು ಗಂಟೆಯ ಉಪನ್ಯಾಸದ ವಿಡಿಯೊವನ್ನು 1.25 ಪಟ್ಟು ವೇಗದಲ್ಲಿ ಓಡಿಸಿದರೆ 48 ನಿಮಿಷಗಳಲ್ಲಿ ಮುಗಿಯುತ್ತದೆ, 1.5 ಪಟ್ಟು ವೇಗಕ್ಕೆ 40 ನಿಮಿಷ ಸಾಕು. ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಐಐಟಿಗಳು ಸೇರಿ ರೂಪಿಸಿದ ಎನ್‌ಪಿಟಿಇಎಲ್ ಪಾಠಗಳಲ್ಲಿ ಒಂದೊಂದು ವಿಷಯಕ್ಕೂ ಹತ್ತಾರು ಉಪನ್ಯಾಸಗಳಿರುವುದರಿಂದ, ಪರೀಕ್ಷೆಯ ಹೊಸ್ತಿಲಲ್ಲಿರುವ ವಿದ್ಯಾರ್ಥಿಗೆ ಈ ಉಳಿತಾಯ ಸಣ್ಣದಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದರ ವಿರುದ್ಧ ದಿಕ್ಕು, ಅಂದರೆ ಇಂಗ್ಲಿಷ್ ಪಾಠವನ್ನು 0.75ಕ್ಕೆ ಇಳಿಸಿ ಕೇಳುವುದು, ಅಷ್ಟೇ ಉಪಯುಕ್ತ. ಆದರೆ ಎರಡರಲ್ಲಿಯೂ ಅಧ್ಯಾಪಕರ ದನಿ ಅವರದ್ದಾಗಿಯೇ ಉಳಿಯಬೇಕು.

ಬರಿದೇ ವೇಗ ಹೆಚ್ಚಿಸಿದರೆ ದನಿ ಉಳಿಯುವುದಿಲ್ಲ. 33 ಸುತ್ತಿನ ಗ್ರಾಮೊಫೋನ್ ತಟ್ಟೆಯನ್ನು 45ರಲ್ಲಿ ತಿರುಗಿಸಿದಾಗ ಗಾಯಕ ಕೀರಲು ದನಿಯಲ್ಲಿ ಹಾಡುವುದನ್ನು ಹಿರಿಯರು ಬಲ್ಲರು. ಸಂಗೀತ ತಿಳಿದವರಿಗೆ ಲೆಕ್ಕ ಸುಲಭ: 1.25 ಪಟ್ಟಿನಲ್ಲಿ ಷಡ್ಜವು ಅಂತರ ಗಾಂಧಾರಕ್ಕೆ ಏರುತ್ತದೆ, 1.5ರಲ್ಲಿ ಪಂಚಮಕ್ಕೆ, ಇಮ್ಮಡಿಯಲ್ಲಿ ತಾರ ಷಡ್ಜಕ್ಕೆ. ಶ್ರುತಿಯೊಂದೇ ಅಲ್ಲ, ಬಾಯಿ ಮತ್ತು ಗಂಟಲಿನ ಅನುರಣನದಿಂದ ದನಿಗೆ ಬರುವ ಗುಣವೂ ಅಷ್ಟೇ ಮೇಲಕ್ಕೆ ಸರಿಯುತ್ತದೆ. ಆಗ ಕೇಳಿಸುವುದು ಎತ್ತರದ ಶ್ರುತಿಯ ಮನುಷ್ಯನಲ್ಲ, ಆಟಿಕೆಯ ಬೊಂಬೆ.

ಪರಿಹಾರದ ಮೂಲ ಉಪಾಯ ಹಳೆಯದು. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಗ್ರಾಂಟ್ ಫೇರ್‌ಬ್ಯಾಂಕ್ಸ್ ಮತ್ತು ಸಂಗಡಿಗರು, ತಿರುಗುವ ಓದುತಲೆಗಳುಳ್ಳ ಟೇಪ್ ಯಂತ್ರದಿಂದ ಮಾತಿನ ಸಣ್ಣ ಸಣ್ಣ ತುಣುಕುಗಳನ್ನು ಬಿಟ್ಟು ಉಳಿದವನ್ನು ಜೋಡಿಸಿ ತೋರಿಸಿದರು. ತುಣುಕನ್ನು ಎಲ್ಲಿ ಕತ್ತರಿಸಬೇಕೆಂಬುದನ್ನು ಆ ಯಂತ್ರ ಅರಿಯದು. ಕಂಪ್ಯೂಟರ್ ಅದನ್ನು ಹುಡುಕಬಲ್ಲದು. 1993ರಲ್ಲಿ ವರ್ನರ್ ವರ್ಹೆಲ್ಸ್ಟ್ ಮತ್ತು ಮಾರ್ಕ್ ರೂಲಾಂಟ್ಸ್ ಪ್ರಕಟಿಸಿದ ಡಬ್ಲ್ಯೂಎಸ್‌ಒಎಲ್‌ಎ ಎಂಬ ವಿಧಾನ ಮಾಡುವುದು ಈ ಹುಡುಕಾಟವನ್ನೇ.

ಅಧ್ಯಾಪಕರು 'ಆ' ಎಂಬ ಸ್ವರವನ್ನು 240 ಮಿಲಿಸೆಕೆಂಡು ಎಳೆದರೆಂದಿರಲಿ. ಅವರ ದನಿ ಸೆಕೆಂಡಿಗೆ 125 ಕಂಪನದ್ದಾದರೆ ಒಂದು ಕಂಪನಕ್ಕೆ 8 ಮಿಲಿಸೆಕೆಂಡು. ಒಟ್ಟು 30 ಕಂಪನಗಳು, ಎಲ್ಲವೂ ಬಹುತೇಕ ಒಂದೇ ಆಕಾರದವು. 1.5 ಪಟ್ಟು ವೇಗಕ್ಕೆ ಈ ಸ್ವರ 160 ಮಿಲಿಸೆಕೆಂಡಿಗೆ ಇಳಿಯಬೇಕು. ಹಾಗೆಯೇ ಒತ್ತಿದರೆ ಪ್ರತಿ ಕಂಪನವೂ ಕುಗ್ಗಿ ಶ್ರುತಿ 187ರ ಆಚೆ ಹೋಗುತ್ತದೆ. ಬದಲಿಗೆ 10 ಕಂಪನಗಳನ್ನು ಇಡಿಯಾಗಿ ಬಿಟ್ಟರೆ ಉಳಿದ 20ರಲ್ಲಿ ಒಂದೊಂದೂ 8 ಮಿಲಿಸೆಕೆಂಡಿನದೇ ಆಗಿರುತ್ತದೆ, ಶ್ರುತಿ ಅಲುಗುವುದಿಲ್ಲ. ಅಲೆಯ ಆಕಾರ ಚೆನ್ನಾಗಿ ಹೊಂದುವ ಜಾಗದಲ್ಲಿ ಎರಡು ತುಣುಕುಗಳ ಅಂಚನ್ನು ಒಂದರ ಮೇಲೊಂದು ಇಟ್ಟು, ಮೊದಲನೆಯದನ್ನು ತಗ್ಗಿಸುತ್ತ ಎರಡನೆಯದನ್ನು ಏರಿಸುವುದರಿಂದ ಬೆಸುಗೆ ಕಿವಿಗೆ ತಿಳಿಯದು. ವೇಗ ತಗ್ಗಿಸುವಾಗ ಕೆಲವು ಕಂಪನಗಳನ್ನು ಮರುಕಳಿಸಲಾಗುತ್ತದೆ.

ಯೂಟ್ಯೂಬ್ ಇದನ್ನು ತಾನಾಗಿಯೇ ಮಾಡುತ್ತದೆ. ವಿಎಲ್‌ಸಿಯಲ್ಲಿ ದನಿ ಕೀರಲಾದರೆ ಆಡಿಯೊ ಆಯ್ಕೆಗಳಲ್ಲಿ Enable Time-Stretching audio ಎಂಬುದಕ್ಕೆ ಗುರುತು ಇದೆಯೇ ಎಂದು ನೋಡಬೇಕು. ವೇಗ ಬದಲಿಸಿದ ಕಡತವನ್ನೇ ಸಿದ್ಧಪಡಿಸಿಕೊಳ್ಳಬೇಕೆಂದರೆ ಉಚಿತ ತಂತ್ರಾಂಶ ffmpeg ಇದೆ:

```
ffmpeg -i patha.mp4 -filter_complex "[0:v]setpts=PTS/1.25[v];[0:a]atempo=1.25[a]" -map "[v]" -map "[a]" patha125.mp4
```

ಇಲ್ಲಿ setpts ಚಿತ್ರಗಳ ಸಮಯಮುದ್ರೆಗಳನ್ನು ಹತ್ತಿರ ತರುತ್ತದೆ. Atempo ಮೇಲೆ ಹೇಳಿದ ಕತ್ತರಿಸುವ, ಬೆಸೆಯುವ ಕೆಲಸ ಮಾಡುತ್ತದೆ. ಎರಡರಲ್ಲೂ ಸಂಖ್ಯೆ ಒಂದೇ ಇರತಕ್ಕದ್ದು. ಚಿತ್ರಕ್ಕೆ 1.25, ದನಿಗೆ 1.2 ಕೊಟ್ಟರೆ ಚಿತ್ರ 48 ನಿಮಿಷಕ್ಕೆ, ದನಿ 50ಕ್ಕೆ ಮುಗಿಯುತ್ತದೆ. ಮೊದಲ ಕೆಲವು ಸೆಕೆಂಡುಗಳಲ್ಲಿ ವ್ಯತ್ಯಾಸ ಕಾಣದ ಕಾರಣ, ಕಡತದ ಕೊನೆಗೆ ಹೋಗಿ ತುಟಿ ಮತ್ತು ಮಾತು ಹೊಂದುತ್ತಿವೆಯೇ ಎಂದು ಪರಿಶೀಲಿಸುವುದು ಕ್ಷೇಮ. atempo ಬದಲು asetrate ಬಳಸಿದರೆ ಮತ್ತೆ ಗ್ರಾಮೊಫೋನ್ ಕಥೆಯೇ. ಇಮ್ಮಡಿಗೂ ಮೀರಿದ ವೇಗ ಬೇಕಾದಾಗ ಒಂದೇ ಸಲಕ್ಕೆ 3 ಎನ್ನುವುದಕ್ಕಿಂತ `atempo=1.5,atempo=2` ಎಂದು ಎರಡು ಹಂತ ಮಾಡುವುದು ಮೇಲು. ಇಲ್ಲವಾದರೆ ತಂತ್ರಾಂಶವು ಕೆಲವು ಮಾದರಿಗಳನ್ನು ಬೆಸೆಯದೆ ಹಾರಿಸಿಬಿಡುತ್ತದೆ.

ಸ್ವರಗಳಿಗೆ ಒಗ್ಗುವ ಈ ವಿಧಾನ ವ್ಯಂಜನಗಳಿಗೆ ಅಷ್ಟು ಕರುಣೆ ತೋರದು. 'ಕ', 'ತ', 'ಪ'ಗಳ ಸ್ಫೋಟ ಕ್ಷಣಿಕ, ಅದರಲ್ಲಿ ಮರುಕಳಿಸುವ ಕಂಪನವೇ ಇಲ್ಲ. ವೇಗ ತೀರಾ ಹೆಚ್ಚಿದಾಗ ಅದು ಮಂಕಾಗುತ್ತದೆ. ಕತೆ ಯಾವುದು, ಕತ್ತೆ ಯಾವುದು ಎಂದು ಸಂದರ್ಭದಿಂದ ಊಹಿಸಬೇಕಾದೀತು. ಅರ್ಧ ವೇಗಕ್ಕೆ ಇಳಿಸಿದಾಗ ಹಲಗೆಗೆ ಸೀಮೆಸುಣ್ಣ ತಗಲುವ ಒಂದು 'ಟಕ್' ಎರಡಾಗಿ ಕೇಳಿಸುವುದೂ ಇದೇ ಕಾರಣಕ್ಕೆ. ಪ್ರತಿಧ್ವನಿಯ ಕೊಠಡಿಯಲ್ಲಿ, ದೂರದ ಮೈಕಿನಿಂದ ಮುದ್ರಿಸಿದ ಪಾಠದಲ್ಲಿ ಬೆಸುಗೆ ಮತ್ತಷ್ಟು ಒರಟು, ದನಿ ಕೊಳವೆಯೊಳಗಿಂದ ಬಂದಂತೆ ಅನಿಸುತ್ತದೆ. ಅಂತಹ ಮುದ್ರಣಕ್ಕೆ 1.25ರ ಆಚೆ ಹೋಗದಿರುವುದೇ ಸರಿ.